ಟ್ಯಾಲಿ ಆದ ಪುಸ್ತಕದಲ್ಲಿ ಮೂರು ತಪ್ಪು

ಶಿರಸಿಯಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಅಕೌಂಟೆನ್ಸಿ ಹೇಳಿಕೊಡುತ್ತೇನೆ. ಅಸೈನ್‌ಮೆಂಟ್ ಕೈಯಲ್ಲೇ ಬರೆಯಬೇಕು ಅಂತ ನನ್ನ ಹಟ. ಒಂದು ಮಳೆಗಾಲದಲ್ಲಿ ಎರಡು ಪುಸ್ತಕ ತಿದ್ದುವಾಗ ನಾನೇ ಒಂದು ತಪ್ಪು ಮಾಡಿದೆ. ಆಮೇಲೆ ನಾನು ತಿದ್ದುವ ಕ್ರಮವೇ ಬದಲಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕ ನಾನೇ ಕಟ್ಟಿದ್ದು. ಒಬ್ಬ ಅಡಿಕೆ ವ್ಯಾಪಾರಿಯ ಏಪ್ರಿಲ್ ತಿಂಗಳ ವ್ಯವಹಾರ. ಮೊದಲ ಅಸೈನ್‌ಮೆಂಟ್ ಆದ್ದರಿಂದ ಜಿಎಸ್‌ಟಿ ಸೇರಿಸಿರಲಿಲ್ಲ. ವ್ಯಾಪಾರಿ 2,00,000 ನಗದು ಹಾಕಿ ಅಂಗಡಿ ಶುರು ಮಾಡುತ್ತಾನೆ, ಅದರಲ್ಲಿ 80,000 ಬ್ಯಾಂಕಿಗೆ ಕಟ್ಟುತ್ತಾನೆ. 60,000ದ ಚಾಲಿ ಅಡಿಕೆ ನಗದಿಗೆ ಕೊಳ್ಳುತ್ತಾನೆ, 45,000ದ್ದು ಬೆಳೆಗಾರನಿಂದ ಉದ್ರಿ. 18,000ಕ್ಕೆ ಚೆಕ್ ಕೊಟ್ಟು ತೂಕದ ಯಂತ್ರ ತರಿಸುತ್ತಾನೆ, ಅದನ್ನು ಹುಬ್ಬಳ್ಳಿಯಿಂದ ತಂದ ಲಾರಿ ಬಾಡಿಗೆ 700 ನಗದು. 72,000ದ ಅಡಿಕೆ ಒಬ್ಬ ಗಿರಾಕಿಗೆ ಉದ್ರಿ ಮಾರುತ್ತಾನೆ, 38,000ದ್ದು ನಗದಿಗೆ. ಆ ಗಿರಾಕಿ 50,000ದ ಬಾಬ್ತು 49,500 ಕೊಟ್ಟು ಅಷ್ಟನ್ನು ಚುಕ್ತಾ ಮಾಡುತ್ತಾನೆ. ಬೆಳೆಗಾರನಿಗೆ 30,000ದ ಚೆಕ್ ಹೋಗುತ್ತದೆ. ಮನೆಯ ಉಪನಯನಕ್ಕೆ ಅಂತ ಅಂಗಡಿಯಿಂದ 2,500ರ ಅಡಿಕೆ ಒಯ್ಯುತ್ತಾನೆ. ಕೊನೆಗೆ ಅಂಗಡಿ ಬಾಡಿಗೆ 6,400, ಹಮಾಲರ ಕೂಲಿ 5,200, ಬಂದ ಕಮಿಷನ್ 900, ಎಲ್ಲ ನಗದು.

ನನ್ನ ಉತ್ತರದಲ್ಲಿ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಬಾಕಿಯ ಪಟ್ಟಿ, ಎರಡೂ ಕಡೆ 3,25,900ಕ್ಕೆ ನಿಂತಿತ್ತು.

ಒಬ್ಬ ಹುಡುಗಿಯ ಪುಸ್ತಕದಲ್ಲಿ ಡೆಬಿಟ್ ಕಡೆ 3,24,100, ಕ್ರೆಡಿಟ್ ಕಡೆ 3,25,900. ಅವಳು ಕೆಳಗೆ ಪೆನ್ಸಿಲ್‌ನಲ್ಲಿ "1,800 ಬರ್ತಾ ಇಲ್ಲ ಸರ್" ಅಂತ ಬರೆದಿದ್ದಳು. ಒಬ್ಬ ಹುಡುಗನ ಪುಸ್ತಕದಲ್ಲಿ ಎರಡೂ ಕಡೆ 3,25,900, ಕೆಳಗೆ ನೀಟಾಗಿ ಎರಡು ಗೆರೆ. ಕರೆಂಟ್ ಹೋಗಿತ್ತು, ಪುಸ್ತಕಗಳ ರಾಶಿ ಮುಂದಿತ್ತು. ನಾನು ಮೊತ್ತ ನೋಡಿ ಅವನಿಗೆ ಹತ್ತಕ್ಕೆ ಹತ್ತು ಹಾಕಿದೆ. ಅವಳಿಗೆ ಆರು.

ಮುಂದಿನ ವಾರ ಅದೇ ಟ್ರಯಲ್ ಬ್ಯಾಲೆನ್ಸಿನಿಂದ ಲಾಭ-ನಷ್ಟ ತೆಗೆಯಲು ಕೊಟ್ಟೆ. ಕೊನೆಯ ದಾಸ್ತಾನು 20,000 ಅಂತ ಹೇಳಿದ್ದೆ. ನನ್ನ ಪ್ರಕಾರ ನಿವ್ವಳ ಲಾಭ 16,300. ಹುಡುಗನದ್ದು 13,600 ಬಂತು. ಕೂಡಿ ಕಳೆದದ್ದರಲ್ಲಿ ಎಲ್ಲೂ ತಪ್ಪಿಲ್ಲ. ಹಾಗಾದರೆ 2,700 ಎಲ್ಲಿ ಹೋಯಿತು? ಹಿಂದಿನ ಪುಸ್ತಕ ವಾಪಸ್ ತರಿಸಿಕೊಂಡು ಕೂತೆ.

ಮೊದಲು ಕಣ್ಣಿಗೆ ಬಿದ್ದದ್ದು ಸಾಲುಗಳ ಸಂಖ್ಯೆ. ನನ್ನ ಪಟ್ಟಿಯಲ್ಲಿ 13 ಖಾತೆ: ಡೆಬಿಟ್ ಕಡೆ ಒಂಬತ್ತು, ಕ್ರೆಡಿಟ್ ಕಡೆ ನಾಲ್ಕು. ಅವನದರಲ್ಲಿ 12. ಡ್ರಾಯಿಂಗ್ಸ್ ಇಲ್ಲ, ಡಿಸ್ಕೌಂಟ್ ಇಲ್ಲ, ನಾನು ಹಾಕದ "ಸಾಗಣೆ ವೆಚ್ಚ" ಅಂತ ಒಂದು ಹೊಸದು ಇದೆ. ವ್ಯವಹಾರಗಳನ್ನು ಮೊದಲು ಬರೆಯುವ ಜರ್ನಲ್‌ಗೆ ಹೋಗಿ ಒಂದೊಂದಾಗಿ ನೋಡಿದೆ.

ಉಪನಯನಕ್ಕೆ ಒಯ್ದ ಅಡಿಕೆಗೆ ಎಂಟ್ರಿಯೇ ಇಲ್ಲ. ಡ್ರಾಯಿಂಗ್ಸ್ ಡೆಬಿಟ್, ಖರೀದಿ ಕ್ರೆಡಿಟ್ ಆಗಬೇಕಿತ್ತು. ಹಾಗಾಗಿ ಅವನ ಖರೀದಿ 1,02,500ರ ಬದಲು 1,05,000ದಲ್ಲೇ ಉಳಿದಿದೆ. ಗಿರಾಕಿ 49,500 ಕೊಟ್ಟಾಗ ನಗದು ಮಾತ್ರ ಬರೆದಿದ್ದಾನೆ, ಬಿಟ್ಟುಕೊಟ್ಟ 500 ಬರೆದಿಲ್ಲ. ಆದ್ದರಿಂದ ಗಿರಾಕಿಯ ಬಾಕಿ 22,000 ಇರಬೇಕಾದಲ್ಲಿ 22,500. ಇನ್ನು ಯಂತ್ರದ ಲಾರಿ ಬಾಡಿಗೆ 700 ಯಂತ್ರದ ಖಾತೆಗೇ ಸೇರಬೇಕು. ಆಸ್ತಿಯನ್ನು ಅಂಗಡಿಗೆ ತಂದು ನಿಲ್ಲಿಸುವವರೆಗಿನ ಖರ್ಚು ಆಸ್ತಿಯ ಬೆಲೆಯೇ. ಅವನು ಅದನ್ನು ಬೇರೆ ಖರ್ಚಾಗಿ ತೋರಿಸಿದ್ದಾನೆ.

ಮೂರು ತಪ್ಪಾದರೂ ಮೊತ್ತ ಒಂದು ರೂಪಾಯಿ ಕದಲಿಲ್ಲ ಯಾಕೆ? ಇದನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಖರೀದಿ, ಡ್ರಾಯಿಂಗ್ಸ್ ಎರಡೂ ಡೆಬಿಟ್ ಬಾಕಿಯ ಖಾತೆಗಳು. 2,500 ಅಲ್ಲಿದ್ದರೂ ಇಲ್ಲಿದ್ದರೂ ಡೆಬಿಟ್ ಕಡೆಯೇ ಕೂಡುತ್ತದೆ. ಗಿರಾಕಿ ಮತ್ತು ಡಿಸ್ಕೌಂಟ್ ಕೂಡ ಹಾಗೆಯೇ, ಯಂತ್ರ ಮತ್ತು ಸಾಗಣೆ ವೆಚ್ಚವೂ ಹಾಗೆಯೇ. ಹಣ ಒಂದೇ ಕಾಲಂನೊಳಗೆ ಮೇಲೆ ಕೆಳಗೆ ಓಡಾಡಿದೆ ಅಷ್ಟೆ. ಎರಡು ಕಡೆ ಟ್ಯಾಲಿ ಆಗುವುದು ಬಿಡಿ, ನನ್ನ ಉತ್ತರದ ಮೊತ್ತಕ್ಕೂ ಸರಿಹೊಂದಿತು. ಆದರೆ ಲಾಭದಲ್ಲಿ ಪೆಟ್ಟು ಕಾಣಿಸಿತು. ಖರೀದಿ 2,500 ಜಾಸ್ತಿ, ಖರ್ಚು 700 ಜಾಸ್ತಿ, ಡಿಸ್ಕೌಂಟ್ 500 ಕಡಿಮೆ. ಒಟ್ಟು 2,700 ಲಾಭ ಕಮ್ಮಿ.

ಹುಡುಗನನ್ನು ಕರೆದು ಕೇಳಿದೆ. ಅವನದು ತೋಟದ ಮನೆ. "ಮನೆಗೆ ಒಯ್ದ ಅಡಿಕೆಗೆ ಎಂತ ಲೆಕ್ಕ ಸರ್? ನಮ್ದೇ ಅಲ್ವಾ?" ಅಂದ. ಅವನು ಮರೆತದ್ದಲ್ಲ, ಬೇಕಿಲ್ಲ ಅಂತ ಬಿಟ್ಟದ್ದು. ಅವನ ಮನೆಯಲ್ಲಿ ಅಟ್ಟದಿಂದ ಅಡಿಕೆ ಇಳಿಸಿ ತಾಂಬೂಲಕ್ಕೆ ಕೊಟ್ಟರೆ ಯಾರೂ ಬರೆದಿಡುವುದಿಲ್ಲ. ಅಂಗಡಿಯ ಲೆಕ್ಕದಲ್ಲಿ ಮಾಲೀಕನೂ ಹೊರಗಿನವನೇ ಅಂತ ಪಾಠದಲ್ಲಿ ಹೇಳಿದ್ದೆ. ಅದು ಅವನಿಗೆ ತಲುಪಿರಲಿಲ್ಲ ಅನ್ನುವುದು ಗೊತ್ತಾದದ್ದು ಆ ದಿನವೇ.

ಈಗ ಹುಡುಗಿಯ 1,800ಕ್ಕೆ ಬರುತ್ತೇನೆ. ಅವಳ ಪುಸ್ತಕವನ್ನೂ ಮತ್ತೆ ತೆಗೆದು ಅವಳ ಎದುರಿಗೇ ಹುಡುಕಿದೆ.

ಮೊದಲು ಎರಡೂ ಕಡೆಯನ್ನು ಕೆಳಗಿನಿಂದ ಮೇಲಕ್ಕೆ ಕೂಡಿದೆವು. ಮೇಲಿನಿಂದಲೇ ಮತ್ತೆ ಕೂಡಿದರೆ ಮೊದಲು ಮಾಡಿದ ತಪ್ಪನ್ನೇ ಮಾಡುತ್ತೇವೆ, ನಾಲಿಗೆಗೆ ಅದೇ ಮೊತ್ತ ಬರುತ್ತದೆ. ಕೂಡಿದ್ದು ಸರಿಯಿತ್ತು. ಆಮೇಲೆ 1,800 ಅನ್ನುವ ಮೊತ್ತವೇ ಎಲ್ಲಾದರೂ ಬಿಟ್ಟುಹೋಗಿದೆಯಾ ಅಂತ ಜರ್ನಲ್‌ನಲ್ಲಿ ನೋಡಿದೆವು. ಇಲ್ಲ. ಆಮೇಲೆ ಅದರ ಅರ್ಧ, 900. ಒಂದು ಬಾಕಿಯನ್ನು ತಪ್ಪು ಕಡೆ ಬರೆದರೆ ವ್ಯತ್ಯಾಸ ಅದರ ಎರಡು ಪಟ್ಟು ಬರುತ್ತದೆ. 900 ಅಂದ ಕೂಡಲೆ ಅವಳು "ಕಮಿಷನ್ ಸರ್!" ಅಂದಳು. ಆದರೆ ಕಮಿಷನ್ ಕ್ರೆಡಿಟ್ ಬಾಕಿ. ಅದನ್ನು ಡೆಬಿಟ್‌ನಲ್ಲಿ ಬರೆದಿದ್ದರೆ ಡೆಬಿಟ್ ಮೊತ್ತ ದೊಡ್ಡದಾಗಬೇಕು. ಇಲ್ಲಿ ಡೆಬಿಟ್ಟೇ ಕಡಿಮೆ. ವ್ಯತ್ಯಾಸ ಎಷ್ಟು ಅನ್ನುವುದನ್ನಷ್ಟೇ ಅಲ್ಲ, ಅದು ಯಾವ ಕಡೆ ಅನ್ನುವುದನ್ನೂ ನೋಡಬೇಕು. ಎಷ್ಟೋ ಮಕ್ಕಳು ಅರ್ಧ ಸಿಕ್ಕಿದ ಖುಷಿಯಲ್ಲಿ ಸರಿಯಾಗಿದ್ದ ಸಾಲನ್ನೇ ಆಚೆ ಹಾಕಿಬಿಡುತ್ತಾರೆ.

ಕೊನೆಗೆ ಒಂಬತ್ತರಿಂದ ಭಾಗಿಸಿದೆವು. 1,800 ಭಾಗಿಸು 9, ಶೇಷವಿಲ್ಲದೆ 200. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಸಾವಿರ ಮತ್ತು ನೂರರ ಸ್ಥಾನ ಅದಲುಬದಲಾದರೆ ವ್ಯತ್ಯಾಸ 900ರ ಇಂತಿಷ್ಟು ಪಟ್ಟು ಬರುತ್ತದೆ. 1,800 ಎರಡು ಪಟ್ಟು, ಹಾಗಾಗಿ ಆ ಎರಡು ಅಂಕಿಗಳ ನಡುವೆ ಎರಡರ ಅಂತರ. ಡೆಬಿಟ್ ಕಡಿಮೆ ಬಂದಿರುವುದರಿಂದ ತಪ್ಪಾಗಿ ಬರೆದ ಮೊತ್ತದಲ್ಲಿ ನೂರರ ಅಂಕಿ ಸಾವಿರದ ಅಂಕಿಗಿಂತ ಎರಡು ದೊಡ್ಡದಿರಬೇಕು. ಅವಳ ಡೆಬಿಟ್ ಕಡೆಯ ಒಂಬತ್ತು ಸಾಲಿನಲ್ಲಿ ಹಾಗಿದ್ದದ್ದು ಒಂದೇ: ಬಾಡಿಗೆ 4,600. ಜರ್ನಲ್‌ನಲ್ಲಿ 6,400 ಸರಿಯಾಗಿಯೇ ಇದೆ, ನಗದು ಖಾತೆಯಲ್ಲೂ 6,400. ಬಾಡಿಗೆ ಖಾತೆಗೆ ಇಳಿಸುವಾಗ ಮಾತ್ರ ಕೈ ತಪ್ಪಿದೆ. 2,000ವನ್ನು 200 ಅಂತ ಬರೆದರೂ 1,800 ವ್ಯತ್ಯಾಸ ಬರುತ್ತದೆ, ಅದಕ್ಕೇ 200 ಅಂತ ಯಾವ ಸಾಲಾದರೂ ಇದೆಯಾ ಅಂತಲೂ ನೋಡಿದೆವು. ಇರಲಿಲ್ಲ. ಈ ಉಪಾಯ ತಪ್ಪು ಒಂದೇ ಇದ್ದಾಗ ಮಾತ್ರ ದಾರಿ ತೋರಿಸುತ್ತದೆ. ಎರಡು ತಪ್ಪು ಕೂಡಿಕೊಂಡರೆ ಒಂಬತ್ತೂ ಇಲ್ಲ, ಅರ್ಧವೂ ಇಲ್ಲ, ಜರ್ನಲ್‌ನಿಂದ ಲೆಡ್ಜರ್‌ಗೆ ಪ್ರತಿ ಮೊತ್ತಕ್ಕೂ ಟಿಕ್ ಹಾಕುತ್ತಾ ಹೋಗಬೇಕು.

ಅವಳ 14 ಎಂಟ್ರಿಯೂ ಸರಿ, 13 ಖಾತೆಯೂ ಇವೆ. ಆರು ಕೊಟ್ಟದ್ದನ್ನು ಒಂಬತ್ತು ಮಾಡಿದೆ. ಅವನ ಹತ್ತನ್ನು ಏಳು ಮಾಡಿದೆ. ಇಬ್ಬರಿಗೂ ಯಾಕೆ ಅಂತ ಹೇಳಿಯೇ ಮಾಡಿದ್ದು.

ಈಗ ನಾನು ಟ್ರಯಲ್ ಬ್ಯಾಲೆನ್ಸ್ ಇರುವ ಪುಟವನ್ನು ಮೊದಲು ತೆರೆಯುವುದಿಲ್ಲ. ಪ್ರಶ್ನೆಯ ಹಾಳೆ ಪಕ್ಕದಲ್ಲಿಟ್ಟು, ಒಂದೊಂದು ವ್ಯವಹಾರಕ್ಕೂ ಯಾವ ಎರಡು ಖಾತೆ, ಯಾವ ಕಡೆ, ಎಷ್ಟು ಅಂತ ಮನಸ್ಸಿನಲ್ಲೇ ಹೇಳಿಕೊಂಡು ಆಮೇಲೆ ಮಗುವಿನ ಎಂಟ್ರಿ ನೋಡುತ್ತೇನೆ. ಮೊದಲೇ ಅವರದ್ದು ಓದಿದರೆ ಅದೇ ಸರಿ ಅನ್ನಿಸಿಬಿಡುತ್ತದೆ. ಲಾರಿ ಬಾಡಿಗೆಯಂಥ ತಪ್ಪು ಸಿಗುವುದು ಇಲ್ಲಿ ಮಾತ್ರ, ಯಾವ ಮೊತ್ತವೂ ಅದನ್ನು ಹಿಡಿದುಕೊಡುವುದಿಲ್ಲ.

ಆಮೇಲೆ ಜರ್ನಲ್‌ನ ಮೊತ್ತ. ಇದನ್ನು ಬಹಳ ಜನ ಕೂಡುವುದೇ ಇಲ್ಲ, ಸುಮ್ನೆ ಬಿಟ್ಟುಬಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 6,08,700. ಹುಡುಗನದ್ದು ಕೂಡಿ ನೋಡಿದರೆ 6,05,700 ಬಂತು. 3,000 ಕಡಿಮೆ: ಅಡಿಕೆಯ 2,500, ಡಿಸ್ಕೌಂಟಿನ 500. ಟ್ರಯಲ್ ಬ್ಯಾಲೆನ್ಸ್ ಬಾಕಿಗಳನ್ನಷ್ಟೇ ಕೂಡುತ್ತದೆ, ಜರ್ನಲ್ ನಡೆದ ವ್ಯವಹಾರವನ್ನೆಲ್ಲ ಕೂಡುತ್ತದೆ. ಅದಕ್ಕೇ ಬಿಟ್ಟುಹೋದ ಎಂಟ್ರಿ ಅಲ್ಲಿ ಕಾಣಿಸುತ್ತದೆ. ಮೊದಲ ದಿನ ನಾನು ಇದೊಂದನ್ನು ಮಾಡಿದ್ದರೂ ಸಾಕಿತ್ತು.

ಕೈಬರಹದ ವಿಷಯದಲ್ಲಿ ಒಂದೇ ಕಟ್ಟುನಿಟ್ಟು. ಅಂಕಿಯ ಮೇಲೆ ಅಂಕಿ ತಿದ್ದಬಾರದು. 4ರ ಮೇಲೆ 6 ಬರೆದರೆ ನಾಳೆ ಅವರಿಗೇ ಅದು ಯಾವುದೆಂದು ತಿಳಿಯುವುದಿಲ್ಲ. ಒಂದು ಗೆರೆ ಹೊಡೆದು ಮೇಲೆ ಬರೆಯಬೇಕು, ಹಳೆಯದೂ ಓದಲು ಬರಬೇಕು. ನಮ್ಮ ಮನೆಯ ಹಳೆ ಲೆಕ್ಕದ ಪುಸ್ತಕ ಕನ್ನಡ ಅಂಕಿಯಲ್ಲಿದೆ. ಅದರಲ್ಲಿ ೬ ಮತ್ತು ೯ ಬೇರೆ ಮಾಡಲು ಈಗಲೂ ಕಿಟಕಿಯ ಬೆಳಕಿಗೆ ಹಿಡಿಯಬೇಕಾಗುತ್ತದೆ.

ಹುಡುಗ ಇಡೀ ಅಸೈನ್‌ಮೆಂಟ್ ಹೊಸದಾಗಿ ಬರೆದು ತಂದ. ಈ ಸಲ 13 ಸಾಲು. ಖರೀದಿ 1,02,500, ಗಿರಾಕಿ 22,000, ತೂಕದ ಯಂತ್ರ 18,700, ಡ್ರಾಯಿಂಗ್ಸ್ 2,500, ಡಿಸ್ಕೌಂಟ್ 500. ಕೆಳಗಿನ ಮೊತ್ತ ನೋಡಿ ಅವನೇ ಒಂದು ಕ್ಷಣ ನಿಂತ. ಹಳೆ ಪುಟ ತಿರುಗಿಸಿ ಪಕ್ಕದಲ್ಲಿಟ್ಟ.

"ಮೊತ್ತ ಅದೇ ಇದೆಯಲ್ಲ ಸರ್."