ಪೈಪ್ ಅಂಗಡಿಯ ಬಿಲ್ಲಿಗೆ ಕನ್ನಡ: ಯಾವುದನ್ನು ಬದಲಿಸಿದೆ, ಯಾವುದನ್ನು ಮುಟ್ಟಲಿಲ್ಲ

ಕಲಬುರಗಿಯಲ್ಲಿ ನಮ್ಮದು ಪಿವಿಸಿ ಪೈಪ್ ಮತ್ತು ಫಿಟ್ಟಿಂಗ್ ಅಂಗಡಿ. ಅಫಜಲಪುರ, ಆಳಂದ, ಸೇಡಂ ಕಡೆಯ ರೈತರೇ ಜಾಸ್ತಿ. ಬಿಲ್ ಇಂಗ್ಲಿಷ್‌ನಲ್ಲಿ ಇದ್ದಾಗ ಅವರು ಕೊನೆಯ ಮೊತ್ತವನ್ನಷ್ಟೇ ನೋಡಿ ಮಡಚಿ ಜೇಬಿಗಿಡುತ್ತಿದ್ದರು. ದುಡ್ಡು ಕೊಡುವವರಿಗೆ ತಾವು ಏನು ಕೊಂಡೆವು ಅನ್ನೋದು ಓದಲು ಬರಬೇಕು, ಅಲ್ವಾ? ಅದಕ್ಕೇ ಬಿಲ್ಲನ್ನು ಎರಡು ಭಾಷೆಯಲ್ಲಿ ಮಾಡಿದೆ.

ಮೊದಲೇ ಒಂದು ನಿಯಮ ಇಟ್ಟುಕೊಂಡೆ. ಮಾತು ಎರಡು ಭಾಷೆಯಲ್ಲಿ ಇರಬಹುದು, ಅಂಕಿ ಮಾತ್ರ ಒಂದೇ ಸಲ ಬರಬೇಕು. ಕನ್ನಡಕ್ಕೊಂದು, ಇಂಗ್ಲಿಷ್‌ಗೊಂದು ಅಂತ ಎರಡು ಮೊತ್ತದ ಕಾಲಂ ಇಟ್ಟರೆ ಒಂದನ್ನು ತಿದ್ದಿ ಇನ್ನೊಂದನ್ನು ಬಿಡುವ ದಿನ ಬಂದೇ ಬರುತ್ತದೆ. ಅಂಕಿಗಳನ್ನೂ 1, 2, 3 ಅಂತಲೇ ಉಳಿಸಿದೆ. ಮಸುಕಾದ ಪ್ರಿಂಟಿನಲ್ಲಿ ೬ ಮತ್ತು ೯ ಬೇಗ ಅದಲುಬದಲಾಗುತ್ತವೆ.

ಕಾಲಂಗಳ ಹೆಸರು ಕನ್ನಡಕ್ಕೆ ಸುಲಭವಾಗಿ ಬಂದವು: ಮಾಲು, ನಗ, ದರ, ರಿಯಾಯಿತಿ, ಒಟ್ಟು. ಇಂಗ್ಲಿಷ್ ಹೆಸರು ಮೇಲೆ, ಕನ್ನಡ ಕೆಳಗೆ. ನಮ್ಮ ಜಿಎಸ್‌ಟಿ ನಂಬರ್, ಎಚ್‌ಎಸ್‌ಎನ್ ಕೋಡ್, ಬ್ಯಾಂಕಿನ ಐಎಫ್‌ಎಸ್‌ಸಿ, ಯುಪಿಐ ಐಡಿ, ಇವನ್ನು ಮುಟ್ಟುವ ಹಾಗೇ ಇಲ್ಲ. ಅಂಗಡಿಯ ಹೆಸರು ನೋಂದಣಿ ಪತ್ರದಲ್ಲಿ ಇರುವ ಹಾಗೇ ಇದೆ, ಅದರ ಕೆಳಗೆ ಕನ್ನಡದಲ್ಲಿ ಇನ್ನೊಮ್ಮೆ. ಕೊಳ್ಳುವವರು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯಾದರೆ ಅವರ ಹೆಸರಿಗೂ ಇದೇ ಪದ್ಧತಿ. ಬಿಲ್ ನಂಬರಿಗೆ ಕನ್ನಡ ಅಕ್ಷರ ಹಾಕುವ ಆಸೆ ಇತ್ತು, ಬಿಟ್ಟೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಅದು 16 ಅಕ್ಷರ ಮೀರಬಾರದು, ಒಂದು ಆರ್ಥಿಕ ವರ್ಷದಲ್ಲಿ ಮತ್ತೆ ಬರಬಾರದು. ನಮ್ಮದು KLB/25-26/0417 ಹೀಗಿರುತ್ತದೆ. ಫೋನಿನಲ್ಲಿ ಹೇಳಲೂ ಸಲೀಸು.

ನಿಜವಾಗಿ ತಲೆ ಕೆಡಿಸಿಕೊಂಡಿದ್ದು ಮಾಲಿನ ವಿವರಕ್ಕೆ. ರೈತರು 75 ಎಂಎಂ ಪೈಪನ್ನು "ಎರಡೂವರೆ ಇಂಚಿಂದು" ಅಂತಾರೆ. ಆ ಮಾತನ್ನು ಕನ್ನಡದ ಸಾಲಿನಲ್ಲಿ ಹಾಕಿದೆ, ಆದರೆ ಪೈಪಿನ ಮೇಲೆ ಅಚ್ಚಾದ 75 ಎಂಎಂ ಅನ್ನೋದನ್ನು ತೆಗೆಯಲಿಲ್ಲ. "ನಾಲ್ಕು ಕೆಜಿ ಪೈಪ್" ಅನ್ನೋದನ್ನು ಹಾಗೇ ಬರೆದರೆ ತೂಕ ಅಂತ ಓದುವವರಿದ್ದಾರೆ. ಅದಕ್ಕೆ "4 ಕೆಜಿ ಒತ್ತಡದ್ದು" ಅಂತ ಬರೆದೆ.

ಉದ್ದದ ವಿಷಯದಲ್ಲಿ ಮಾತ್ರ ಬಾಯಿಮಾತನ್ನು ಒಳಗೆ ಬಿಡಲೇ ಇಲ್ಲ. ಎಲ್ಲರೂ ಇಪ್ಪತ್ತು ಫೂಟಿನ ಪೈಪ್ ಅಂತಾರೆ, ಆದರೆ ಅದು 6 ಮೀಟರ್. ಅಫಜಲಪುರ ಕಡೆಯ ಒಬ್ಬರು 60 ಪೈಪ್ ಕೊಂಡಾಗ ಬಿಲ್ ನೋಡಿ ಕೇಳಿದರು: "ಸಾವಕಾರ್ರ, ಇಪ್ಪತ್ ಫೂಟ್ ಅಂತೀರಿ, ಇಲ್ಲಿ ಆರ್ ಮೀಟರ್ ಅಂತ ಅದ?" ಅಲ್ಲೇ ಲೆಕ್ಕ ಹಾಕಿ ತೋರಿಸಿದೆ. ಇಪ್ಪತ್ತರಂತೆ ಹಿಡಿದರೆ 1,200 ಫೂಟ್. 360 ಮೀಟರ್ ಅಂದರೆ ಸುಮಾರು 1,181 ಫೂಟ್. 19 ಫೂಟ್ ಕಮ್ಮಿ, ಹತ್ತಿರಹತ್ತಿರ ಒಂದು ಪೈಪು! ಜೋಡಿಸುವಾಗ ಒಂದರೊಳಗೆ ಒಂದು ಹೋಗುವುದರಿಂದ ಇನ್ನೂ ಸ್ವಲ್ಪ ಕಡಿಮೆಯೇ ಆಗುತ್ತದೆ. ಬಾವಿಯಿಂದ ಹೊಲಕ್ಕೆ ಅಳೆದುಕೊಂಡು ಬಂದವರಿಗೆ ಇದು ಅಂಗಡಿಯಲ್ಲೇ ಗೊತ್ತಾಗಬೇಕು. ಅವರು ಎರಡು ಪೈಪ್ ಜಾಸ್ತಿ ಹಾಕಿಸಿಕೊಂಡರು.

ಆ ಬಿಲ್ಲಿನ ಸಾಲು ಹೀಗಿತ್ತು: 62 ನಗ, ದರ 500, ಒಟ್ಟು 31,000 ರೂಪಾಯಿ. ಕೇಂದ್ರದ ತೆರಿಗೆ 9% ಅಂದರೆ 2,790, ರಾಜ್ಯದ್ದೂ ಅಷ್ಟೇ. ಕೊಡಬೇಕಾದ್ದು 36,580. ತೆರಿಗೆಯ ಸಾಲಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹೆಸರು ಹಾಗೇ ಇಟ್ಟು, ಪಕ್ಕದಲ್ಲಿ ಕನ್ನಡ ಸೇರಿಸಿದ್ದೇನೆ. ಮಾಲು ವಾಪಸ್ ಕೊಡುವ ಷರತ್ತನ್ನು ಕನ್ನಡದಲ್ಲಿ ಪೂರ್ತಿ ಬರೆದೆ, ಸಣ್ಣದು ಮಾಡಲಿಲ್ಲ. ಜಗಳ ಬರುವುದೇ ಅಲ್ಲಿ.

ಬಿಲ್ ಮಾಡುವಾಗ ಯಾರೂ ಕನ್ನಡ ಟೈಪ್ ಮಾಡುವುದಿಲ್ಲ. ಎಕ್ಸೆಲ್‌ನಲ್ಲಿ Items ಅನ್ನೋ ಹಾಳೆ ಇದೆ: ಮೊದಲು ಮಾಲಿನ ಕೋಡ್, ಆಮೇಲೆ ಇಂಗ್ಲಿಷ್ ಹೆಸರು, ಮೂರನೆಯದು ಕನ್ನಡ. ಬಿಲ್ಲಿನಲ್ಲಿ ಕೋಡ್ ಹಾಕಿದರೆ ಕನ್ನಡ ತಾನೇ ಬರುತ್ತದೆ:

```
=VLOOKUP($B12,Items!$A:$C,3,FALSE)
```

ಹುಡುಗರು ಅವಸರದಲ್ಲಿ ಬೇರೆ ಬೇರೆ ರೀತಿ ಬರೆಯುವುದು ಇದರಿಂದ ನಿಂತಿತು.

ಕನ್ನಡ ಹೆಸರುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಟ್ಟಿ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ "ಕನ್ನಡ" ಅನ್ನೋದು PÀ£ÀßqÀ ಅಂತ ಕಾಣುತ್ತದೆ. ಹಾಗೆ ಕಂಡರೆ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಬರೀ ಫಾಂಟ್ ಬದಲಿಸಿದರೆ ಸರಿಹೋಗುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವ ಬಿಲ್ಲನ್ನು ನಾನು ಪಿಡಿಎಫ್ ಮಾಡಿಯೇ ಕಳಿಸುತ್ತೇನೆ. ಹೊಸ ಮಾಲಿನ ಹೆಸರು ಸೇರಿಸಿದ ದಿನ ಒಂದು ಬಿಲ್ಲನ್ನು ಸಾದಾ ಫೋನಿನಲ್ಲಿ ತೆರೆದು, ಒತ್ತಕ್ಷರಗಳು ಬಿಡಿಬಿಡಿಯಾಗಿವೆಯಾ ಅಂತ ನೋಡಿಕೊಳ್ಳುತ್ತೇನೆ.