ಊರಿನಲ್ಲಿ ಹಲ್ಲಿನ ಚಿಕಿತ್ಸೆ, ಬಿಲ್ ಅಮೆರಿಕದ ಖಾತೆಗೆ

ಅಮೆರಿಕದಲ್ಲಿ ಕೆಲಸದಲ್ಲಿರುವವರು ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಹಲ್ಲು, ಕಣ್ಣಿನ ಕೆಲಸ ಮುಗಿಸಿಕೊಂಡು ಹೋಗುವುದು ರೂಢಿ. ಆ ಬಿಲ್ಲನ್ನು ಅಲ್ಲಿನ ಎಫ್‌ಎಸ್‌ಎ ಅಥವಾ ಎಚ್‌ಎಸ್‌ಎ ಎಂಬ ಆರೋಗ್ಯ ವೆಚ್ಚದ ಖಾತೆಯ ತೆರಿಗೆರಹಿತ ಹಣದಿಂದ ತುಂಬಿಕೊಳ್ಳಬಹುದು. ಚಿಕಿತ್ಸೆ ಯಾವ ದೇಶದಲ್ಲಾಯಿತು ಎಂಬುದು ಅಡ್ಡಿಯಲ್ಲ. ಅದು ಎರಡೂ ದೇಶಗಳಲ್ಲಿ ಕಾನೂನುಬದ್ಧವಾಗಿದ್ದರೆ ಸಾಕು.

ಮೊದಲು ನಿಮ್ಮದು ಯಾವ ಖಾತೆ ನೋಡಿಕೊಳ್ಳಿ. ಎಫ್‌ಎಸ್‌ಎ ಕಂಪನಿಯದು. ವರ್ಷಕ್ಕೆ ಎಷ್ಟು ಹಾಕುತ್ತೀರಿ ಎಂದು ಮೊದಲೇ ಹೇಳಬೇಕು. 2026ರ ಮಿತಿ 3,400 ಡಾಲರ್. ಮದುವೆ, ಮಗು ಹುಟ್ಟುವುದು ಇಂಥ ಕಾರಣವಿಲ್ಲದೆ ನಡುವೆ ಬದಲಿಸಲಾಗದು. ಎಚ್‌ಎಸ್‌ಎ ನಿಮ್ಮದೇ ಖಾತೆ, ಹಣ ಎಷ್ಟು ವರ್ಷವಾದರೂ ಉಳಿಯುತ್ತದೆ. ಆದರೆ ಹೆಚ್ಚು ಡಿಡಕ್ಟಿಬಲ್, ಅಂದರೆ ವಿಮೆ ಹಣ ಕೊಡುವ ಮೊದಲು ನಾವೇ ಭರಿಸಬೇಕಾದ ಮೊತ್ತ, ಇರುವ ವಿಮೆ ಇದ್ದವರಷ್ಟೇ ಇದಕ್ಕೆ ಹಣ ಹಾಕಬಹುದು. 2026ರಲ್ಲಿ ಒಬ್ಬರಿಗೆ 4,400, ಕುಟುಂಬಕ್ಕೆ 8,750 ಡಾಲರ್. ಇಲ್ಲಿ ದಂಪತಿ ಎಡವುವ ಒಂದು ಜಾಗವಿದೆ. ಹೆಂಡತಿಯ ಕಂಪನಿಯಲ್ಲಿ ಸಾಮಾನ್ಯ ಎಫ್‌ಎಸ್‌ಎ ಇದ್ದರೆ ಗಂಡನ ಖರ್ಚಿಗೂ ಅದು ಒದಗುತ್ತದೆ. ಹಾಗಾಗಿ ಗಂಡ ತನ್ನ ಎಚ್‌ಎಸ್‌ಎಗೆ ಹಣ ಹಾಕುವಂತಿಲ್ಲ. ಹಲ್ಲು, ಕಣ್ಣಿಗೆ ಮಾತ್ರ ಸೀಮಿತವಾದ ಎಫ್‌ಎಸ್‌ಎ ಆದರೆ ತೊಂದರೆಯಿಲ್ಲ.

ಈಗ ಒಂದು ಲೆಕ್ಕ ನೋಡೋಣ. ಮೈಸೂರಿಗೆ ಬಂದ ಉದ್ಯೋಗಿಯೊಬ್ಬರು ರೂಟ್ ಕೆನಾಲ್ ಮತ್ತು ಕ್ಯಾಪಿಗೆ 18,000, ಪವರ್ ಕನ್ನಡಕಕ್ಕೆ 9,000 ರೂಪಾಯಿ ಕೊಟ್ಟರು ಎನ್ನಿ. ಡಾಲರಿಗೆ 90 ರೂಪಾಯಿಯಂತೆ 300 ಡಾಲರ್ ಆಯಿತು. ಎರಡಕ್ಕೂ ಹಣ ಸಿಗುತ್ತದೆ. ಅವರು ಶೇ 22ರ ತೆರಿಗೆ ಹಂತದಲ್ಲಿದ್ದು, ಹಣ ಸಂಬಳದಿಂದಲೇ ಕಡಿತವಾಗಿದ್ದರೆ, ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಕಡಿತದ ಶೇ 7.65 ಸೇರಿ ಸುಮಾರು 89 ಡಾಲರ್ ಉಳಿತಾಯ. ಅದೇ ಕುರ್ಚಿಯಲ್ಲಿ ಕೂತು ಹಲ್ಲು ಬೆಳ್ಳಗೆ ಮಾಡಿಸಿಕೊಂಡಿದ್ದರೆ ಆ ಹಣ ಬಾರದು, ಅದು ಅಂದಕ್ಕಾಗಿ ಮಾಡಿಸಿದ್ದು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಇಲ್ಲೇ ಕೊಂಡು ಇಲ್ಲೇ ನುಂಗಿದರೆ ಲೆಕ್ಕಕ್ಕೆ ಬರುತ್ತದೆ. ಆರು ತಿಂಗಳಿಗಾಗುವಷ್ಟು ಬಿಪಿ ಮಾತ್ರೆಯನ್ನು ಸೂಟ್‌ಕೇಸಿನಲ್ಲಿ ತುಂಬಿ ಒಯ್ದರೆ ಸಾಮಾನ್ಯವಾಗಿ ಬರುವುದಿಲ್ಲ. ರಜೆಗೆಂದು ಬಂದ ವಿಮಾನದ ಟಿಕೆಟ್ಟಂತೂ ಇಲ್ಲವೇ ಇಲ್ಲ.

ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಬಿಲ್ ಸೇರಿಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ನೀವೇ ಪೂರ್ತಿ ಸಾಕುತ್ತಿದ್ದರೂ, ಭಾರತದಲ್ಲೇ ನೆಲೆಸಿರುವ, ಅಮೆರಿಕದ ಪ್ರಜೆಯಲ್ಲದ ತಂದೆ ತಾಯಿ ಅಲ್ಲಿನ ತೆರಿಗೆ ಕಾನೂನಿನಲ್ಲಿ ಅವಲಂಬಿತರಲ್ಲ. ಅವರು ಅಮೆರಿಕಕ್ಕೆ ಬರುವಾಗ ಕೊಳ್ಳುವ ವಿಸಿಟರ್ ವಿಮೆಯ ಕಂತಿಗೂ ಈ ಹಣ ಬಳಸುವಂತಿಲ್ಲ. ಎಚ್‌ಎಸ್‌ಎಯಿಂದ ಸಲ್ಲದ ಖರ್ಚಿಗೆ ಹಣ ತೆಗೆದರೆ, 65 ವರ್ಷ ತುಂಬದವರಿಗೆ ಮಾಮೂಲಿ ಆದಾಯ ತೆರಿಗೆಯ ಜೊತೆಗೆ ತೆಗೆದ ಮೊತ್ತದ ಶೇ 20 ದಂಡವೂ ಬೀಳುತ್ತದೆ.

ಬಿಲ್ ಹೇಗಿರಬೇಕು ಎಂಬುದೇ ಮುಖ್ಯ ವಿಷಯ. ಖಾತೆಯ ಕಾರ್ಡ್ ಇಲ್ಲಿನ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಕೈಯಿಂದ ಕೊಟ್ಟು ಆಮೇಲೆ ಕ್ಲೇಮ್ ಹಾಕಬೇಕು. ಹೊರಡುವ ಮೊದಲೇ ಕ್ಲಿನಿಕ್‌ನ ಹೆಸರಿರುವ ಹಾಳೆಯಲ್ಲಿ ರೋಗಿಯ ಹೆಸರು, ಚಿಕಿತ್ಸೆಯಾದ ದಿನಾಂಕ, ಯಾವ ಹಲ್ಲಿಗೆ ಏನು ಮಾಡಿದರು, ಯಾವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ‘ದಂತ ಚಿಕಿತ್ಸೆ, 18,000’ ಎಂದಷ್ಟೇ ಇದ್ದರೆ ಕ್ಲೇಮ್ ವಾಪಸ್ ಬರುವ ಸಾಧ್ಯತೆ ಹೆಚ್ಚು. ಯುಪಿಐ ಸ್ಕ್ರೀನ್‌ಶಾಟ್ ಬಿಲ್ಲಿನ ಬದಲಿಗೆ ಆಗುವುದಿಲ್ಲ. ಹಣ ಕೊಟ್ಟ ದಿನದ ವಿನಿಮಯ ದರದಲ್ಲಿ ಡಾಲರ್ ಲೆಕ್ಕ ಹಾಕಿ, ಆ ದರದ ಒಂದು ಪ್ರತಿಯನ್ನೂ ಜೊತೆಗಿಡಿ.

ದಿನಾಂಕದ ಬಗ್ಗೆ ಒಂದು ಎಚ್ಚರ. ಎಫ್‌ಎಸ್‌ಎಯಲ್ಲಿ ಹಣ ಕೊಟ್ಟ ದಿನವಲ್ಲ, ಚಿಕಿತ್ಸೆಯಾದ ದಿನ ಲೆಕ್ಕ. ಯೋಜನೆಯ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವುದಾದರೆ, ಡಿಸೆಂಬರ್ 28ರ ರೂಟ್ ಕೆನಾಲ್ ಹಳೆಯ ವರ್ಷಕ್ಕೆ, ಜನವರಿ 4ರ ಕ್ಯಾಪ್ ಹೊಸ ವರ್ಷಕ್ಕೆ ಸೇರುತ್ತದೆ. ಉಳಿದ ಹಣದಲ್ಲಿ ಸ್ವಲ್ಪ ಭಾಗವನ್ನು ಮುಂದಿನ ವರ್ಷಕ್ಕೆ ಒಯ್ಯಲು, ಇಲ್ಲವೇ ಎರಡೂವರೆ ತಿಂಗಳು ಹೆಚ್ಚು ಬಳಸಲು ಕಂಪನಿ ಅವಕಾಶ ಕೊಡಬಹುದು; ಎರಡೂ ಒಟ್ಟಿಗಿರುವುದಿಲ್ಲ, ಕೆಲವೆಡೆ ಒಂದೂ ಇರುವುದಿಲ್ಲ. ಎಚ್‌ಎಸ್‌ಎಗೆ ಈ ಗಡುವಿಲ್ಲ. ಖಾತೆ ತೆರೆದ ಮೇಲಿನ ಖರ್ಚಾಗಿದ್ದರೆ ಹಣವನ್ನು ಹತ್ತು ವರ್ಷ ಬಿಟ್ಟು ಬೇಕಾದರೂ ತೆಗೆದುಕೊಳ್ಳಬಹುದು, ಬಿಲ್ ಜೋಪಾನವಾಗಿರಬೇಕು.

ಕೆಲಸ ಬಿಟ್ಟು ಊರಿಗೆ ಮರಳುವವರು ಎಫ್‌ಎಸ್‌ಎಯನ್ನು ಮೊದಲು ಖಾಲಿ ಮಾಡಿ. ವರ್ಷಕ್ಕೆಂದು ಹೇಳಿದ ಪೂರ್ತಿ ಮೊತ್ತ ಮೊದಲ ದಿನದಿಂದಲೇ ಬಳಕೆಗೆ ಸಿಗುತ್ತದೆ. ಸಂಬಳದಿಂದ ಇನ್ನೂ ಕಡಿತವಾಗದ ಭಾಗವನ್ನು ಬಳಸಿ ಹೊರಟರೂ ಕಂಪನಿ ಅದನ್ನು ವಾಪಸ್ ಕೇಳುವಂತಿಲ್ಲ. ಬಳಸದೆ ಬಿಟ್ಟದ್ದು ಮಾತ್ರ ಕೈತಪ್ಪುತ್ತದೆ.