ಮನೆಕೆಲಸದ ಅಕ್ಕನ ಸಂಬಳ: ನಾನು ಲೆಕ್ಕ ಹಾಕಿದ್ದು ಹೀಗೆ

ನಮ್ಮ ಮನೆ ಇರುವುದು ಬೆಂಗಳೂರಿನ ಬನಶಂಕರಿಯಲ್ಲಿ. ಎರಡು ರೂಮು, ಹಾಲು, ಒಟ್ಟು ಐದು ಜನ. ಕೆಲಸಕ್ಕೆ ಬರುವ ಅಕ್ಕ ಮೂರು ಕೆಲಸ ಮಾಡುತ್ತಾರೆ: ಪಾತ್ರೆ, ಕಸ ಗುಡಿಸಿ ಒರೆಸುವುದು, ಮಷಿನ್‌ನಿಂದ ಬಟ್ಟೆ ತೆಗೆದು ಒಣಗಿಸುವುದು. ಭಾನುವಾರ ರಜೆ. 2024ರ ಏಪ್ರಿಲ್‌ವರೆಗೆ ತಿಂಗಳಿಗೆ 3,500 ಕೊಡುತ್ತಿದ್ದೆ. ಆ ತಿಂಗಳು ಅವರು, "ಅಮ್ಮಾ, ಬಾಡಿಗೆ ಏರಿಸಿದ್ದಾರೆ, ಸ್ವಲ್ಪ ಜಾಸ್ತಿ ಮಾಡಿ" ಅಂದರು. ಎಷ್ಟು ಅಂತ ಕೇಳಿದರೆ, "ನೀವೇ ನೋಡಿ ಕೊಡಿ" ಅಂದುಬಿಟ್ಟರು.

ಎಲ್ಲರೂ ಮಾಡುವಂತೆ ನಾನೂ ಮೊದಲು ಅಕ್ಕಪಕ್ಕದಲ್ಲಿ ಕೇಳಿದೆ. ಒಬ್ಬರು 2,800 ಅಂದರು, ಇನ್ನೊಬ್ಬರು 4,000. ಎರಡೂ "ಮೂರು ಕೆಲಸಕ್ಕೆ". ಆದರೆ 2,800ರ ಮನೆಯಲ್ಲಿ ಇರುವುದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ನಮ್ಮ ಮನೆಯ ಸಿಂಕ್ ಮುಂದೆ ನಿಂತು ಒಂದು ಬೆಳಿಗ್ಗೆ ಎಣಿಸಿದೆ. ಇಡ್ಲಿ ಮಾಡಿದ ದಿನ. ಸ್ಟ್ಯಾಂಡಿನ ತಟ್ಟೆಗಳು, ಎರಡು ಕುಕ್ಕರ್, ಮಿಕ್ಸಿ ಜಾರ್, ಲೋಟ, ಚಮಚ ಎಲ್ಲ ಸೇರಿ 62. ಇಡ್ಲಿ ತಟ್ಟೆಯ ಒಂದೊಂದು ಗುಳಿಯನ್ನೂ ಬೆರಳು ಹಾಕಿ ತಿಕ್ಕಬೇಕು. ಒಣಗಿದ್ದರೆ ನೆನೆಸಿಡಬೇಕು. "ಪಾತ್ರೆ" ಅನ್ನುವುದು ಹೆಸರಿಗೆ ಒಂದು ಕೆಲಸ, ಅಷ್ಟೆ. ಮನೆಯಲ್ಲಿ ಎಷ್ಟು ಜನ, ಏನು ತಿಂಡಿ ಅನ್ನುವುದರ ಮೇಲೆ ಅದು ಇಪ್ಪತ್ತು ನಿಮಿಷವೂ ಆಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು.

ಹಾಗಾಗಿ ಒಂದು ವಾರ ಹೊತ್ತು ಬರೆದಿಟ್ಟೆ. ಮೊದಲ ದಿನ ಹೇಳದೆ ಬರೆದೆ. ಎರಡನೆಯ ದಿನ ಅವರಿಗೆ ಗೊತ್ತಾಯಿತು, ಮುಖ ಸಣ್ಣದಾಯಿತು. ನಾನು ಗಡಿಯಾರ ನೋಡುತ್ತಿರುವುದು ಅನುಮಾನದಿಂದ ಅಂದುಕೊಂಡರು. ಆಮೇಲೆ ಕೂರಿಸಿ ಹೇಳಿದೆ, ಸಂಬಳ ಸರಿ ಇದೆಯಾ ಅಂತ ನೋಡೋಕೆ ಇದು ಅಂತ. ಇದನ್ನು ಮೊದಲೇ ಹೇಳಬೇಕಿತ್ತು. ಯಾರೋ ನೋಡುತ್ತಿದ್ದಾರೆ ಅಂದರೆ ಓಡಿ ಓಡಿ ಮುಗಿಸುತ್ತಾರೆ, ಆಗ ಬರೆದ ಲೆಕ್ಕವೂ ಸುಳ್ಳಾಗುತ್ತದೆ.

ಸೋಮವಾರ 1 ಗಂಟೆ 45 ನಿಮಿಷ, ಯಾಕೆಂದರೆ ಭಾನುವಾರದ ಪಾತ್ರೆಯೂ ಇರುತ್ತದೆ. ಶುಕ್ರವಾರ ದೇವರ ಸಾಮಾನು ತಿಕ್ಕಿ ಬಚ್ಚಲು ತೊಳೆಯುವುದೂ ಸೇರಿ 1 ಗಂಟೆ 50 ನಿಮಿಷ. ಉಳಿದ ದಿನ 1 ಗಂಟೆ 15ರಿಂದ 20 ನಿಮಿಷ. ಸರಾಸರಿ ದಿನಕ್ಕೆ ಒಂದೂವರೆ ಗಂಟೆ. ತಿಂಗಳಿಗೆ 26 ದಿನ ಅಂದರೆ 39 ಗಂಟೆ. 3,500 ಭಾಗಿಸು 39, ಗಂಟೆಗೆ 90 ರೂಪಾಯಿ. ಪರವಾಗಿಲ್ಲ ಅನ್ನಿಸಿತು.

ಆದರೆ ಇಲ್ಲಿ ಒಂದು ವಿಷಯ ತಪ್ಪಿಹೋಗಿತ್ತು. ಅವರು ನಮ್ಮ ಮನೆ ಒಂದಕ್ಕೇ ಬರುವುದಲ್ಲ, ನಾಲ್ಕು ಮನೆ ಮಾಡುತ್ತಾರೆ. ಅವರ ದಿನ ಹೇಗೆ ಹೋಗುತ್ತದೆ ಅಂತ ಕೇಳಿ ಬರೆದುಕೊಂಡೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ವಾಪಸ್ ಸೇರುವುದು ಮಧ್ಯಾಹ್ನ ಎರಡಕ್ಕೆ. ಒಟ್ಟು ಏಳೂವರೆ ಗಂಟೆ. ಅದರಲ್ಲಿ ಕೆಲಸ ನಡೆಯುವುದು ಐದೂವರೆ ಗಂಟೆ. ಉಳಿದ ಎರಡು ಗಂಟೆ ಬಸ್ಸು, ನಡಿಗೆ, ಮತ್ತೆ ಒಂದು ಮನೆಯವರು ಏಳುವ ತನಕ ಗೇಟಿನ ಹತ್ತಿರ ಕಾಯುವುದು. ಆ ಎರಡು ಗಂಟೆಗೆ ಯಾರೂ ಕಾಸು ಕೊಡುವುದಿಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಬಸ್ ಟಿಕೆಟ್‌ಗೆ ಕಾಸು ಕೊಡಬೇಕಿಲ್ಲ, ಆ ಖರ್ಚು ಉಳಿಯಿತು. ಆದರೆ ಹೊತ್ತು ಉಳಿಯಲಿಲ್ಲ. ಆ ಹೊತ್ತನ್ನು ನಾಲ್ಕು ಮನೆಗೂ ಹಂಚಿದರೆ, ನಮ್ಮ ಒಂದೂವರೆ ಗಂಟೆಗೆ ಅವರ ದಿನದಲ್ಲಿ ಹತ್ತತ್ತಿರ ಎರಡು ಗಂಟೆ ಹೋಗುತ್ತದೆ. ತಿಂಗಳಿಗೆ 52 ಗಂಟೆ. ಆಗ ನಾನು ಕೊಡುತ್ತಿದ್ದದ್ದು ಗಂಟೆಗೆ 67 ರೂಪಾಯಿ!

67 ಕಡಿಮೆಯೋ ಸರಿಯೋ ಅಂತ ಹೇಗೆ ಗೊತ್ತಾಗಬೇಕು? ಪಕ್ಕದ ಮನೆಯವರ ಜೊತೆ ಹೋಲಿಸಿದರೆ ಎಲ್ಲರೂ ಸೇರಿ ಕಡಿಮೆ ಕೊಡುತ್ತಿರಬಹುದು, ಅಲ್ವಾ? ಅದಕ್ಕೆ, ಅದೇ ಅಕ್ಕ ಅದೇ ಏರಿಯಾದಲ್ಲಿ ಬೇರೆ ಕೆಲಸಕ್ಕೆ ಹೋದರೆ ಏನು ಸಿಗುತ್ತದೆ ಅಂತ ನೋಡಿದೆ. ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಮಾಡುವವರನ್ನು ಕೇಳಿದೆ. ಎಂಟು ಗಂಟೆ, 26 ದಿನ, ಕಡಿತಕ್ಕೆ ಮೊದಲು 16,000. ಗಂಟೆಗೆ 77. ಅದರ ಮೇಲೆ ಪಿಎಫ್‌ಗೆ ಮಾಲೀಕರ ಪಾಲು ಶೇ 12, ಇಎಸ್‌ಐಗೆ ಶೇ 3.25. ಎಲ್ಲ ಸೇರಿಸಿದರೆ ಗಂಟೆಗೆ 88 ರೂಪಾಯಿ ಚಿಲ್ಲರೆ. ನಮ್ಮ ಅಕ್ಕನಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಅಂದಮೇಲೆ ಆ ಹಣವೂ ಸಂಬಳದಲ್ಲೇ ಇರಬೇಕು. 88 ಗುಣಿಸು 52, ಅಂದರೆ 4,576. ನಾನು 4,600 ಮಾಡಿದೆ.

ಸರ್ಕಾರದ್ದೂ ಒಂದು ಅಳತೆ ಇದೆ. ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತು ಮಾಡಿತು. ಪ್ರತಿ ಏಪ್ರಿಲ್‌ನಲ್ಲಿ ಅದರ ತುಟ್ಟಿಭತ್ಯೆ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ದರಪಟ್ಟಿ ನೋಡಿ, ತಿಂಗಳ ದರವನ್ನು 26ರಿಂದ, ಆಮೇಲೆ 8ರಿಂದ ಭಾಗಿಸಿದರೆ ಗಂಟೆಯ ದರ ಸಿಗುತ್ತದೆ. ಅದಕ್ಕಿಂತ ಕೆಳಗೆ ಹೋಗಬಾರದು ಅನ್ನುವುದಕ್ಕೆ ಅದು ಗೆರೆ. ನಾಲ್ಕು ಮನೆ ಸುತ್ತುವವರಿಗೆ ಅಷ್ಟೇ ಕೊಟ್ಟರೆ ಸಾಕು ಅನ್ನುವುದಕ್ಕೆ ಅಲ್ಲ.

ಏರಿಯಾದಿಂದ ಏರಿಯಾಕ್ಕೆ ದರ ಯಾಕೆ ಬೇರೆ ಅನ್ನುವುದೂ ಈ ಲೆಕ್ಕದಿಂದಲೇ ಅರ್ಥವಾಯಿತು. ನನ್ನ ತಂಗಿ ಇರುವುದು ಬೆಳ್ಳಂದೂರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ನಮ್ಮಷ್ಟೇ ಕೆಲಸಕ್ಕೆ 6,000 ಕೊಡುತ್ತಾಳೆ. ಅಲ್ಲಿ ಮನೆಯಿಂದ ಮನೆಗೆ ಹೋಗಲು ಲಿಫ್ಟಿನಲ್ಲಿ ಎರಡು ನಿಮಿಷ ಸಾಕು. ಆದರೂ ಜಾಸ್ತಿ. ಅವಳ ಮನೆಗೆ ಬರುವ ಹೆಂಗಸಿಗೆ ಹತ್ತಿರದಲ್ಲಿ ಕಡಿಮೆ ಬಾಡಿಗೆಯ ಮನೆ ಸಿಕ್ಕಿಲ್ಲ. ಬಸ್ಸಿನಲ್ಲೇ ದಿನಕ್ಕೆ ಒಂದೂವರೆ ಗಂಟೆ ಹೋಗುತ್ತದೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮತ್ತೆಯ ತಂಗಿ ಅದೇ ಕೆಲಸಕ್ಕೆ 2,500 ಕೊಡುತ್ತಾರೆ. ಅಲ್ಲಿಗೆ ಬರುವವರು ಎರಡು ಬೀದಿ ಆಚೆ ಇದ್ದಾರೆ, ಮನೆ ಬಾಡಿಗೆಯೂ ಕಡಿಮೆ. ಬೇರೆ ಏರಿಯಾದ ದರ ಹಿಡಿದುಕೊಂಡು ಇಲ್ಲಿ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ಕೆಲಸದವರು ಎಲ್ಲಿಂದ ಬರುತ್ತಾರೆ ಅನ್ನುವುದನ್ನು ಕೇಳಬೇಕು.

ಇಷ್ಟೆಲ್ಲ ಆದಮೇಲೆ ನಾನೊಂದು ತಪ್ಪು ಮಾಡಲು ಹೊರಟಿದ್ದೆ. ಇನ್ಮೇಲೆ ಗಂಟೆ ಲೆಕ್ಕದಲ್ಲೇ ಕೊಡೋಣವಾ ಅಂತ ಕೇಳಿದೆ. ಅಕ್ಕ ಕೈಯಲ್ಲಿದ್ದ ಒರೆಸುವ ಬಟ್ಟೆ ಹಿಂಡುತ್ತಾ, "ಬೇಡಮ್ಮಾ. ನಾನು ಬೇಗ ಬೇಗ ಮಾಡಿದ್ರೆ ನನಗೇ ಕಡಿಮೆ ಆಯ್ತಲ್ಲ" ಅಂದರು. ನಿಜ. ಹದಿನೈದು ವರ್ಷದಿಂದ ಕೈ ಪಳಗಿದೆ. ಹೊಸಬರಿಗೆ ಎರಡು ಗಂಟೆ ಬೇಕಾದದ್ದು ಅವರಿಗೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೆ ನಮ್ಮಲ್ಲಿ ಗಂಟೆ ಲೆಕ್ಕ ಇರುವುದು ಸಂಬಳ ಎಷ್ಟು ಅಂತ ಗೊತ್ತು ಮಾಡಲು ಮಾತ್ರ. ಕೊಡುವುದು ತಿಂಗಳ ಲೆಕ್ಕದಲ್ಲೇ. ತಿಂಗಳಿಗೆ ಎರಡು ರಜೆಗೆ ಕಡಿತ ಇಲ್ಲ. ಯುಗಾದಿಗೆ ಒಂದು ತಿಂಗಳ ಸಂಬಳ ಬೇರೆ.

ಆಮೇಲೆ ನಾನು ಎಚ್ಚರವಾಗಿದ್ದದ್ದು "ಸ್ವಲ್ಪ ಇದನ್ನೂ ಮಾಡಿಬಿಡಿ" ಅನ್ನುವ ಮಾತಿನ ಬಗ್ಗೆ. ಒಂದು ದಿನ ಕಾಯಿ ತುರಿದು ಕೊಡುವುದು, ಇನ್ನೊಂದು ದಿನ ಅವರೆಕಾಯಿ ಸುಲಿಯುವುದು. ಒಂದೊಂದೂ ಹತ್ತೇ ನಿಮಿಷ. ದಿನಾ ಹತ್ತು ನಿಮಿಷ ಅಂದರೆ ತಿಂಗಳಿಗೆ ನಾಲ್ಕು ಗಂಟೆಗೂ ಮೇಲೆ. ನೆಂಟರು ಬಂದು ಪಾತ್ರೆ ಜಾಸ್ತಿಯಾದ ದಿನ ಅವತ್ತೇ 100 ರೂಪಾಯಿ ಕೈಗೆ ಕೊಡುತ್ತೇನೆ. ತಿಂಗಳ ಕೊನೆಗೆ ಅಂತ ಇಟ್ಟರೆ ಮರೆತುಹೋಗುತ್ತದೆ.

ಪಕ್ಕದವರು, "ನೀವು ಹೀಗೆ ಕೊಟ್ಟು ರೇಟ್ ಕೆಡಿಸ್ತಿದ್ದೀರಿ" ಅಂತ ಬೇಜಾರು ಮಾಡಿಕೊಂಡರು. ನಾನು ಬರೆದ ಚೀಟಿ ತೋರಿಸಿದೆ. ಅವರು ಒಪ್ಪಲಿಲ್ಲ. ಆದರೆ ಮುಂದಿನ ವಾರ, ಬಚ್ಚಲು ತೊಳೆಯೋದಕ್ಕೆ ಎಷ್ಟು ಹೊತ್ತು ಹಿಡಿದಿದ್ದೀರಿ ಅಂತ ಕೇಳಿಕೊಂಡು ಬಂದರು.

ಪ್ರತಿ ಏಪ್ರಿಲ್‌ನಲ್ಲಿ ಮತ್ತೆ ಒಂದು ವಾರ ಹೊತ್ತು ಬರೆಯುತ್ತೇವೆ. ಈಗ ಅಕ್ಕನೇ ನೆನಪು ಮಾಡುತ್ತಾರೆ. ಹೋದ ಸಲ ಮಗ ಹಾಸ್ಟೆಲ್‌ಗೆ ಹೋಗಿದ್ದರಿಂದ ದಿನಕ್ಕೆ ಹದಿನೈದು ನಿಮಿಷ ಕಡಿಮೆ ಬಂತು. ಸಂಬಳ ಇಳಿಸಲಿಲ್ಲ. ಶನಿವಾರ ಒರೆಸುವುದು ಬೇಡ ಅಂದೆ. ಅವತ್ತು ಅವರು ಒಂದೂವರೆಗೇ ಮನೆ ಸೇರುತ್ತಾರೆ.